ಕಾಕಾ ಒಳ್ಳೆಯವರೇ, ಆದರೆ ನಿಮ್ಮ ಸರದಿಯನ್ನು ಅವರಿಗೆ ಬಿಟ್ಟುಕೊಡಬೇಡಿ

"ನಾನು ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯವನು, ವಯಸ್ಸು 26. ಭೀಮರಾಯನಗುಡಿಯಲ್ಲಿ ಕೃಷಿ ಬಿ.ಎಸ್ಸಿ ಓದಿ, ಈಗ ಪುಣೆಯಲ್ಲಿ ಬೇಳೆಕಾಳು ಖರೀದಿಸುವ ಕಂಪನಿಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಮೀಟಿಂಗ್ ಎಲ್ಲವೂ ಹಿಂದಿ, ನಡುನಡುವೆ ಇಂಗ್ಲಿಷ್. ನಾನು ಬಾಯಿ ತೆರೆಯುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಜನವರಿಯಲ್ಲಿ ಬಂದ 200 ಕ್ವಿಂಟಲ್ ತೊಗರಿಯ ಲಾಟಿನಲ್ಲಿ ತೇವಾಂಶ ಶೇ 14 ಇತ್ತು. ಹೇಳಲು ಹೋಗಿ ತಡವರಿಸಿದೆ. ಪುಣ್ಯಕ್ಕೆ ಕಲಬುರಗಿ ಕಡೆಯ ಹಿರಿಯ ಕಾಕಾ ಒಬ್ಬರು ಅಲ್ಲಿದ್ದಾರೆ. ಯಾವಾಗಲೂ ನನ್ನ ಪರವಾಗಿ ಅವರೇ ಹೇಳಿಬಿಡುತ್ತಾರೆ. ಅವತ್ತೂ 'ಲಾಟ್ ಸ್ವಲ್ಪ ಹಸಿ ಇದೆ ಅಂತಿದ್ದಾನೆ' ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಫೆಬ್ರವರಿಯಲ್ಲಿ ಚೀಲಗಳಲ್ಲಿ ಬೂಷ್ಟು ಕಂಡಾಗ 'ಮೊದಲೇ ಯಾಕೆ ಹೇಳಲಿಲ್ಲ' ಎಂದು ನನ್ನನ್ನೇ ಕೇಳಿದರು. ಒಮ್ಮೆ ಬಾಯಿ ತಪ್ಪಿ 'ನಕ್ಕೋ' ಅಂದಾಗ ಎಲ್ಲರೂ ನಕ್ಕಿದ್ದು ಇನ್ನೂ ಮರೆತಿಲ್ಲ. ಹದಿನೈದು ಸಾವಿರ ಕೊಟ್ಟು ಇಂಗ್ಲಿಷ್ ಕೋಚಿಂಗ್ ಸೇರಲೇ, ಊರಿಗೆ ಮರಳಲೇ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ನನ್ನನ್ನು ತಡೆದು ನಿಲ್ಲಿಸಿದ್ದು "ಪುಣ್ಯಕ್ಕೆ" ಎಂಬ ಒಂದು ಪದ. ನೀವು ಉಪಕಾರವೆಂದು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಆ ಕಾಕಾ ಅವರೇ ಈ ಕಥೆಯ ನಡುವೆ ಕುಳಿತಿದ್ದಾರೆ ಎಂದು ನನಗೆ ತೋರುತ್ತದೆ.

ಶೇ 14 ಎಂಬುದು ಒಂದು ಅಳತೆ. ತೊಗರಿಯ ಸರ್ಕಾರಿ ಖರೀದಿಯಲ್ಲಿ ಶೇ 12ಕ್ಕಿಂತ ಹೆಚ್ಚು ತೇವಾಂಶವಿರುವ ಕಾಳನ್ನು ಒಪ್ಪುವುದಿಲ್ಲ ಎಂಬುದು ನಿಮ್ಮ ಕಚೇರಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಮಾತು. ಆ ಅಳತೆ ಕಾಕಾ ಅವರ ಬಾಯಿಂದ ಹೊರಬರುವಾಗ "ಸ್ವಲ್ಪ ಹಸಿ" ಆಯಿತು, ಅದರ ಹಿಂದೆ "ಅಂತಿದ್ದಾನೆ" ಎಂಬ ಬಾಲವೂ ಅಂಟಿಕೊಂಡಿತು. ಮೀಟರ್ ತೋರಿಸಿದ ಸಂಖ್ಯೆ ಹೊಸಬನೊಬ್ಬನ ಅನುಮಾನವಾಗಿ ಮೇಜಿನ ಮೇಲೆ ಬಿದ್ದರೆ ಅದನ್ನು ಯಾರು ಎತ್ತಿಕೊಳ್ಳುತ್ತಾರೆ? ಆದ್ದರಿಂದ ನಿಮ್ಮ ಮ್ಯಾನೇಜರ್ ಮೇಲೆ ನನಗೆ ಅಷ್ಟೇನೂ ಕೋಪವಿಲ್ಲ, ಏಕೆಂದರೆ ಆತ ಕೇಳಿಸಿಕೊಂಡದ್ದು ನಿಮ್ಮ ಮಾತನ್ನಲ್ಲ.

ಇಷ್ಟು ಕಟುವಾಗಿ ಬರೆಯಲು ಒಂದು ಕಾರಣವಿದೆ: ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಬೀದರಿನಿಂದ ಅವ್ವನನ್ನು ಹೈದರಾಬಾದಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಾಗಲೆಲ್ಲ ಡಾಕ್ಟರ ಮುಂದೆ ನಾನೇ ಮಾತಾಡುತ್ತಿದ್ದೆ. "ಮೊಣಕಾಲು ನೋವು" ಎಂದು ಹೇಳಿ ಮಾತ್ರೆ ಬರೆಸಿಕೊಂಡು ಬರುತ್ತಿದ್ದೆ. ಮೂರನೆಯ ಭೇಟಿಯಲ್ಲಿ ನಾನು ಔಷಧಿ ಅಂಗಡಿಗೆ ಹೋಗಿದ್ದಾಗ ಅವ್ವ ತನ್ನ ಹರಕು ದಖನಿಯಲ್ಲಿ, ಮೆಟ್ಟಿಲು ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮಾತ್ರ ಜೀವ ಹೋಗುತ್ತದೆ ಎಂದು ಡಾಕ್ಟರಿಗೆ ಹೇಳಿದ್ದಳು. ಆ ಒಂದು ವಾಕ್ಯದಿಂದ ಚಿಕಿತ್ಸೆಯೇ ಬದಲಾಯಿತು. ನನಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಆದರೆ ಮೆಟ್ಟಿಲು ಇಳಿಯುತ್ತಿದ್ದವಳು ಅವಳು.

ಈಗ ನೀವು ಬಾಯಿ ತೆರೆಯುವಷ್ಟರಲ್ಲಿ ವಿಷಯ ಏಕೆ ಜಾರಿಹೋಗುತ್ತದೆ ಎಂಬುದಕ್ಕೆ ಬರೋಣ. ಇದಕ್ಕೆ ನೀವು ಧೈರ್ಯವಿಲ್ಲ ಎಂದು ಹೆಸರಿಟ್ಟುಕೊಂಡಿರಬಹುದು, ಆದರೆ ಇದು ಕಾಲದ ಲೆಕ್ಕ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಗತ್ತಿನ ಬೇರೆ ಬೇರೆ ಮೂಲೆಗಳ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದಾಗ, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ ಎಂದು ಕಂಡುಬಂತು. ಆದರೆ ಚಿತ್ರವೊಂದನ್ನು ನೋಡಿ ತನ್ನ ಸ್ವಂತ ಭಾಷೆಯಲ್ಲಿ ಅದರ ಹೆಸರು ಹೇಳಲು ಮನುಷ್ಯನಿಗೆ ಅದರ ಮೂರರಷ್ಟು ಸಮಯ ಬೇಕಾಗುತ್ತದೆ. ಹಾಗಾದರೆ ಜನ ಅಷ್ಟು ಬೇಗ ಉತ್ತರ ಕೊಡುವುದು ಹೇಗೆ? ಎದುರಿನವರ ಮಾತು ಮುಗಿಯುವ ಮೊದಲೇ ತಮ್ಮ ಮಾತನ್ನು ಒಳಗೆ ಸಿದ್ಧಮಾಡಿಕೊಂಡಿರುತ್ತಾರೆ. ನೀವಾದರೋ ಎದುರಿನವರ ಹಿಂದಿಯನ್ನು ಕೇಳಿ, ಅರ್ಥಮಾಡಿಕೊಂಡು, ಕನ್ನಡದಲ್ಲಿ ಯೋಚಿಸಿ, ಮತ್ತೆ ಹಿಂದಿಯ ಪದ ಹುಡುಕುವ ಹೊತ್ತಿಗೆ ಆ ಬಿಡುವು ನಾಲ್ಕಾರು ಸಲ ಬಂದು ಹೋಗಿರುತ್ತದೆ. ಆರು ತಿಂಗಳ ಕೋಚಿಂಗ್ ಕೂಡ ಇದನ್ನು ಸರಿಪಡಿಸದು. ಅಲ್ಲಿ ಒಬ್ಬರ ನಂತರ ಒಬ್ಬರು ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳುವುದನ್ನು ಕಲಿಸುತ್ತಾರೆ, ನಿಮ್ಮ ಮೀಟಿಂಗಿನಲ್ಲಿ ಯಾರೂ ಸರದಿಗಾಗಿ ಕಾಯುವುದಿಲ್ಲ.

ಆದ್ದರಿಂದ ಬಿಡುವಿಗಾಗಿ ಕಾಯುವುದನ್ನು ಬಿಟ್ಟು, ಸರದಿಯನ್ನು ಹಿಂದಿನ ದಿನವೇ ಕಾದಿರಿಸಿಕೊಳ್ಳಿ. ನನ್ನ ಸಲಹೆ ಇಷ್ಟೇ. ಮೀಟಿಂಗಿನ ಹಿಂದಿನ ಸಂಜೆ, ಅದನ್ನು ಕರೆಯುವವರಿಗೆ ನಾಲ್ಕೇ ಸಾಲಿನ ಇ-ಮೇಲ್ ಕಳುಹಿಸಿ, ಸಂಬಂಧಪಟ್ಟ ಲಾಟಿನ ವಿಷಯ ಬಂದಾಗ ಮೊದಲ ಎರಡು ನಿಮಿಷ ನಿಮಗೆ ಕೊಡಬೇಕೆಂದು ಕೇಳಿಕೊಳ್ಳಿ. ಕೊನೆಗೆ ಹೇಳುತ್ತೇನೆ ಎಂದುಕೊಂಡರೆ ಕೆಟ್ಟಿತು. ಮೀಟಿಂಗಿನ ಕೊನೆಯಲ್ಲಿ ಎಲ್ಲರ ಕಣ್ಣೂ ಗಡಿಯಾರದ ಮೇಲಿರುತ್ತದೆ, ತೀರ್ಮಾನವೂ ಅಷ್ಟರಲ್ಲಿ ಆಗಿಹೋಗಿರುತ್ತದೆ.

ಆ ನಾಲ್ಕು ಸಾಲಿನಲ್ಲಿ ಏನಿರಬೇಕು ಎಂಬುದನ್ನು ನಿಮ್ಮ ಜನವರಿಯ ಲಾಟನ್ನೇ ಇಟ್ಟುಕೊಂಡು ನೋಡೋಣ. ಮೊದಲನೆಯ ಸಾಲಿನಲ್ಲಿ ಅಳತೆ: ತೇವಾಂಶ 14, ಮಿತಿ 12. ಎರಡನೆಯದರಲ್ಲಿ ಅದು ಕಂಪನಿಯ ಜೇಬಿಗೆ ಏನು ಮಾಡುತ್ತದೆ ಎಂಬ ಲೆಕ್ಕ. 200 ಕ್ವಿಂಟಲ್ ಕಾಳಿನಲ್ಲಿ ಶೇ 14 ನೀರು ಎಂದರೆ ಒಣ ಕಾಳಿನ ತೂಕ 172 ಕ್ವಿಂಟಲ್. ಶೇ 12ಕ್ಕೆ ಒಣಗಿಸಿದಾಗ ಆ 172 ಎಂಬುದು ಒಟ್ಟು ತೂಕದ ಶೇ 88 ಆಗಬೇಕು, ಅಂದರೆ ಕೈಗೆ ಉಳಿಯುವುದು ಸುಮಾರು ನೂರಾ ತೊಂಬತ್ತೈದೂವರೆ ಕ್ವಿಂಟಲ್. ತೊಗರಿಯ ದರ ಕೊಟ್ಟು ನಾಲ್ಕೂವರೆ ಕ್ವಿಂಟಲ್ ನೀರನ್ನು ಕೊಂಡಿದ್ದೇವೆ ಎಂದು ಕೇಳಿದ ಮೇಲೆ ಖರೀದಿ ವಿಭಾಗದ ಯಾವ ಮನುಷ್ಯನೂ ಫೋನ್ ನೋಡುತ್ತ ಕೂರಲಾರ. ಮೂರನೆಯ ಸಾಲಿನಲ್ಲಿ ಅಪಾಯ: ಹಾಗೆಯೇ ಚೀಲ ಕಟ್ಟಿ ನಿಟ್ಟು ಹಾಕಿದರೆ ಕಾಳು ಬಿಸಿಯಾಗಿ ಬೂಷ್ಟು ಹಿಡಿಯುತ್ತದೆ. ನಾಲ್ಕನೆಯದರಲ್ಲಿ ನಿಮ್ಮ ಶಿಫಾರಸು: ಮೊದಲು ಒಣಗಿಸಿ, ಆಮೇಲೆ ಗೋದಾಮಿಗೆ. ಕಾಳನ್ನು ಹಲ್ಲಿಗಿಟ್ಟರೆ ಕಟಕ್ ಎನ್ನದೆ ಮೆತ್ತಗೆ ಚಪ್ಪಟೆಯಾದರೆ ಅದು ಇನ್ನೂ ಹಸಿ ಎಂಬುದನ್ನು ಕಣದಲ್ಲಿ ಬೆಳೆದ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಅದನ್ನು ಪತ್ರದಲ್ಲಿ ಬರೆಯಬೇಡಿ. ಅಲ್ಲಿ ಮೀಟರಿನ ಮಾತಿಗಷ್ಟೇ ಬೆಲೆ.

ಮಾರನೆಯ ದಿನ ಇದನ್ನೇ ಬಾಯಿಬಿಟ್ಟು ಹೇಳಬೇಕು. ಕಾಗದ ನೋಡಿಕೊಂಡು ಹೇಳಿದರೂ ಅಡ್ಡಿಯಿಲ್ಲ: "ಕಲಬುರ್ಗಿ ವಾಲೇ ಲಾಟ್ ಮೇಂ ಮಾಯಿಶ್ಚರ್ ಫೋರ್ಟೀನ್ ಹೈ, ಲಿಮಿಟ್ ಟ್ವೆಲ್ವ್ ಹೈ. ಸುಖಾನೇ ಪರ್ ಫೋರ್ ಪಾಯಿಂಟ್ ಫೈವ್ ಕ್ವಿಂಟಲ್ ಕಮ್ ಹೋಗಾ. ಅಭೀ ಗೋದಾಮ್ ಮೇಂ ಮತ್ ಡಾಲಿಯೇ." ಅಂಕಿಗಳನ್ನು ಇಂಗ್ಲಿಷಿನಲ್ಲೇ ಹೇಳಿ. ಹಿಂದಿಯಲ್ಲಿ ನೂರರವರೆಗಿನ ಸಂಖ್ಯೆಗಳು ಒಂದೊಂದೂ ಒಂದೊಂದು ರೂಪ, ಉನ್ಯಾಸಿ ಎಂದರೆ 79, ನವಾಸಿ ಎಂದರೆ 89. ಈ ಗೊಂದಲದಲ್ಲಿ ಸಿಕ್ಕಿಕೊಂಡರೆ ನಿಮ್ಮ ಲೆಕ್ಕವೇ ಅನುಮಾನಕ್ಕೆ ಬೀಳುತ್ತದೆ. ಹಿಂದಿಯವರೂ ಕಚೇರಿಯಲ್ಲಿ ದೊಡ್ಡ ಅಂಕಿಗಳನ್ನು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಹೇಳುತ್ತಾರೆ. ನಡುವೆ ಯಾರಾದರೂ ಬಾಯಿ ಹಾಕಿದರೆ "ಏಕ್ ಮಿನಟ್, ಬಾತ್ ಪೂರೀ ಕರ್ ಲೂಂ" ಎಂದು ಹೇಳಿ, ನಿಂತ ಪದದಿಂದಲೇ ಮುಂದುವರಿಸಿ. ಮೊದಲಿನಿಂದ ಶುರುಮಾಡಿದರೆ ಮತ್ತೆ ಬಾಯಿ ಹಾಕುತ್ತಾರೆ.

"ನಕ್ಕೋ" ವಿಷಯಕ್ಕೆ ಬಂದರೆ, ನನಗೆ ನಗು ಬಂದದ್ದು ನಿಮ್ಮ ಸಹೋದ್ಯೋಗಿಗಳನ್ನು ನೆನೆದು. ಬಹಮನಿಗಳ ರಾಜಧಾನಿಗಳಾಗಿದ್ದ ಕಲಬುರಗಿ, ಬೀದರುಗಳಲ್ಲಿ ಬೆಳೆದ ದಖನಿಗೆ ಆ ಪದ ಮರಾಠಿಯ "ನಕೋ"ದಿಂದ ಬಂದಿದೆ. ಪುಣೆಯ ಮನೆಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಪದಕ್ಕೆ ಪುಣೆಯಲ್ಲೇ ಕುಳಿತು ನಗುವುದಾದರೆ ನಗಲಿ. ಆದರೂ ಮೀಟಿಂಗಿನ ಎರಡು ನಿಮಿಷಗಳ ಮಟ್ಟಿಗೆ "ನಕ್ಕೋ" ಬದಲು "ಮತ್", "ಮೇರೇಕು" ಬದಲು "ಮುಝೇ" ಎಂದು ಬಿಡಿ, ಕ್ಯಾಂಟೀನಿನಲ್ಲಿ ನಿಮ್ಮಿಷ್ಟ.

ಇನ್ನು ಕಾಕಾ. ಇದು ಇ-ಮೇಲ್ ಬರೆಯುವುದಕ್ಕಿಂತ ಕಷ್ಟದ ಕೆಲಸ ಎಂದು ನನಗೆ ಗೊತ್ತಿದೆ, ಏಕೆಂದರೆ ಹಬ್ಬಕ್ಕೆ ಹೋಳಿಗೆ ಕಟ್ಟಿ ತರುವ ಮನೆಯವರು ಅವರು ಇರಬಹುದು. ಆದರೆ ಅವರು ಬಾಯಿ ಮುಚ್ಚದಿದ್ದರೆ ನೀವು ಕಾದಿರಿಸಿದ ಸರದಿಯಲ್ಲೂ ಅವರೇ ಕೂರುತ್ತಾರೆ. ಕರಾರುವಾಕ್ಕಾಗಿ ಹೇಳುತ್ತೇನೆ, ಮೊದಲ ಇ-ಮೇಲ್ ಕಳುಹಿಸಿದ ಸಂಜೆಯೇ ಅವರನ್ನು ಚಹಾಕ್ಕೆ ಕರೆದುಕೊಂಡು ಹೋಗಿ ನಮ್ಮ ಮಾತಿನಲ್ಲೇ ಹೇಳಿ: "ಕಾಕಾ, ನಾಳಿ ಮೀಟಿಂಗಿನ್ಯಾಗ ನನ್ನ ಬದಲಿ ನೀವು ಹೇಳಬ್ಯಾಡ್ರಿ. ನಾ ತಡವರಿಸಿದ್ರೂ ಸುಮ್ನ ಕುಂದರ್ರಿ, ನಾನಽ ಮುಗಸ್ತೀನಿ." ಅವರು ಮುನಿಸಿಕೊಂಡರೆ ಎರಡು ದಿನ ಮುನಿಸಿಕೊಳ್ಳಲಿ. ನಿಮ್ಮ ಬಾಯಿಯಾಗಿ ಇಷ್ಟು ದಿನ ಇದ್ದದ್ದರಿಂದ ಅವರಿಗೂ ಮೀಟಿಂಗಿನಲ್ಲಿ ಒಂದು ತೂಕ ಬಂದಿತ್ತು ಎಂಬ ಅನುಮಾನ ನನಗಿದೆ, ಅದನ್ನು ನೀವು ಅವರ ಮುಂದೆ ಆಡಬೇಕಾಗಿಲ್ಲ.

ಇದು ಫಲಿಸುತ್ತಿದೆಯೇ ಎಂದು ತಿಳಿಯಲು ಒಂದನ್ನೇ ಗಮನಿಸಿ: ನಿಮ್ಮ ಲಾಟಿನ ಬಗ್ಗೆ ಮರುಪ್ರಶ್ನೆ ಬಂದಾಗ ಕೇಳುವವರ ಮುಖ ನಿಮ್ಮ ಕಡೆ ತಿರುಗುತ್ತದೆಯೋ ಕಾಕಾ ಕಡೆಗೋ. ಮೂರನೆಯ ಮೀಟಿಂಗಿನ ಹೊತ್ತಿಗೆ ಅದು ನಿಮ್ಮ ಕಡೆ ತಿರುಗಬೇಕು. ಮೂರು ಸಲ ಬರೆದು ಕೇಳಿಯೂ ಆ ಎರಡು ನಿಮಿಷ ಸಿಗದಿದ್ದರೆ ಅಡಚಣೆ ಭಾಷೆಯದಲ್ಲ, ಆ ಕಚೇರಿಗೆ ಗುಣಮಟ್ಟ ವಿಭಾಗದ ಮಾತೇ ಬೇಡವಾಗಿದೆ ಎಂದರ್ಥ. ಆಗ ಬೇರೆ ಕಡೆ ಕೆಲಸ ಹುಡುಕುವ ಮಾತು ಬರುತ್ತದೆ, ಮತ್ತು "ಮೊದಲೇ ಯಾಕೆ ಹೇಳಲಿಲ್ಲ" ಎಂಬ ಪ್ರಶ್ನೆಗೆ ದಿನಾಂಕ ಸಮೇತ ತೋರಿಸಲು ಮೂರು ಇ-ಮೇಲ್ ನಿಮ್ಮ ಬಳಿ ಇರುತ್ತವೆ. ಅಲ್ಲಿಯವರೆಗೆ ಆ ಹದಿನೈದು ಸಾವಿರ ಬ್ಯಾಂಕಿನಲ್ಲೇ ಇರಲಿ.