ಕರಡಿಯ ಮುಖವಾಡ, ಬಾಯಿ ಮುಚ್ಚದ ಹಾಗೆ

"ಮಗಳಿಗೆ 8 ವರ್ಷ. ಮನೇಲಿ ಪಟಪಟ ಅಂತಾಳೆ, ಸ್ಟೇಜ್ ಮೇಲೆ ಬಾಯೇ ಬಿಡಲ್ಲ. ಕರಡಿ ಪಾತ್ರ ಸಿಕ್ಕಿದೆ. ಎಂಥ ಮುಖವಾಡ ಮಾಡಲಿ?"

ಅರ್ಧ ಮುಖವಾಡ ಮಾಡಿ. ಹಣೆಯಿಂದ ಮೂಗಿನವರೆಗೆ ಸಾಕು. ಪೂರ್ತಿ ಮುಚ್ಚಿದರೆ ದನಿ ಒಳಗೇ ಉಳಿಯುತ್ತದೆ. "ಕೇಳಿಸ್ತಿಲ್ಲ" ಅಂತ ಯಾರಾದರೂ ಕೂಗಿದರೆ ಮಗು ಮತ್ತೆ ಮುದುಡುತ್ತದೆ.

ಅವಳ ತಲೆಯಷ್ಟು ದಪ್ಪ ಬಲೂನು ಊದಿ. ಹರಿದ ಪೇಪರ್ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ, ಒಂದು ಬದಿಗೆ 4 ಪದರ ಹಚ್ಚಿ. ಪೂರ್ತಿ ಒಣಗಿದ ಮೇಲೆ ಬಲೂನು ಒಡೆದು, ಮೂಗಿನ ಕೆಳಗೆ ಕತ್ತರಿಸಿ. ಮೂತಿಗೆ ಪೇಪರ್ ಕಪ್‌ನ ತಳ ಅಂಟಿಸಿ. ಕಣ್ಣಿನ ತೂತು ದೊಡ್ಡದಿರಲಿ. ಅವಳು ತಲೆ ಬಗ್ಗಿಸಿಯೇ ನಡೆದರೆ ಕಾಲಡಿ ಕಾಣುತ್ತಿಲ್ಲ ಎಂದರ್ಥ, ನಾಚಿಕೆ ಅಂದುಕೊಳ್ಳಬೇಡಿ.

ಮಾತು ಮೊದಲೇ ಕಲಿಸಬೇಡಿ. ನಮ್ಮ ಶಿಬಿರದ ಒಬ್ಬ ಹುಡುಗ 2 ದಿನ ಕರಡಿಯಾಗಿ ಸುಮ್ನೆ ನಡೆದ. ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ, ಮೂಗು ಮುಂದೆ. ಮೂರನೇ ದಿನ ಗುರುಗುಟ್ಟಿದ. ಆಮೇಲೆ "ಕರಡಿಗೆ ಏನು ಬೇಕು?" ಅಂತ ಕೇಳಿದೆ. "ಜೇನು!" ಅಂದ, ಹೊಟ್ಟೆಯಿಂದ ಬಂದ ದಪ್ಪ ದನಿಯಲ್ಲಿ. ಅದೇ ಅವನ ಮೊದಲ ಸಂಭಾಷಣೆ ಆಯಿತು.

ಮುಖವಾಡ ಹಾಕಿದಾಗ ಅವಳನ್ನು ಹೆಸರು ಹಿಡಿದು ಕರೆಯಬೇಡಿ, ಕರಡಿ ಅನ್ನಿ. ನಾಟಕ ಮುಗಿದ ಮೇಲೆ ಸ್ಟೇಜ್ ಮೇಲೇ ಮುಖವಾಡ ತೆಗೆಸುವ ರೂಢಿ ಇದೆಯಲ್ವಾ, ಅದನ್ನು ಟೀಚರ್‌ಗೆ ಹೇಳಿ ತಪ್ಪಿಸಿ. ತೆಗೆಯೋದು ಅವಳಿಷ್ಟ.