ಆಕ್ಟಿನಿಯಂ-228 ಯಾವ ವಿಕಿರಣ ಕ್ಷಯ ಸರಣಿಯದು?

> "ಆಕ್ಟಿನಿಯಂ-228 ಆಕ್ಟಿನಿಯಂ ಸರಣಿಗೇ ಸೇರಬೇಕಲ್ವಾ? ಪುಸ್ತಕದಲ್ಲಿ ಥೋರಿಯಂ ಸರಣಿ ಅಂತಿದೆ."

ಪುಸ್ತಕ ಸರಿಯಾಗಿದೆ. ಧಾತುವಿನ ಹೆಸರು ಬಿಟ್ಟು ದ್ರವ್ಯರಾಶಿ ಸಂಖ್ಯೆ ನೋಡಿ. 228ನ್ನು 4ರಿಂದ ಭಾಗಿಸಿದರೆ ಶೇಷ 0. ಅದು ಥೋರಿಯಂ-232ರ ಸರಣಿ. ಶೇಷ 2 ಬಂದರೆ ಯುರೇನಿಯಂ-238ರದು, 3 ಬಂದರೆ ಯುರೇನಿಯಂ-235ರದು. ಈ ಕೊನೆಯದನ್ನೇ ಆಕ್ಟಿನಿಯಂ ಸರಣಿ ಅನ್ನುವುದು. ಶೇಷ 1 ನೆಪ್ಚೂನಿಯಂ ಸರಣಿ. ನೆಪ್ಚೂನಿಯಂ-237ರ ಅರ್ಧಾಯುಷ್ಯ ಸುಮಾರು 21 ಲಕ್ಷ ವರ್ಷ ಮಾತ್ರ, ಹಾಗಾಗಿ ಭೂಮಿ ಹುಟ್ಟಿದಾಗ ಇದ್ದದ್ದು ಎಂದೋ ಮುಗಿದುಹೋಗಿದೆ.

ಇದು ಯಾಕೆ ನಡೆಯುತ್ತದೆ ಅಂದರೆ, ಆಲ್ಫಾ ಕಣ ಹೊರಬಂದಾಗ ದ್ರವ್ಯರಾಶಿ ಸಂಖ್ಯೆ ಸರಿಯಾಗಿ 4 ಇಳಿಯುತ್ತದೆ. ಬೀಟಾ ಕ್ಷಯದಲ್ಲಿ ಅದು ಬದಲಾಗುವುದೇ ಇಲ್ಲ. ಹಾಗಾಗಿ ಶೇಷ ಕೊನೆಯವರೆಗೂ ಅದೇ. ನಿಮ್ಮದನ್ನೇ ನೋಡಿ: ಥೋರಿಯಂ-232 ಆಲ್ಫಾ ಕಳೆದುಕೊಂಡು ರೇಡಿಯಂ-228 ಆಗುತ್ತದೆ, ಅದು ಬೀಟಾದಿಂದ ಆಕ್ಟಿನಿಯಂ-228 ಆಗುತ್ತದೆ. ಯುರೇನಿಯಂ-235ರ ದಾರಿಯಲ್ಲಿ ಸಿಗುವುದು ಆಕ್ಟಿನಿಯಂ-227. ಅದರ ಶೇಷ 3.

ಲೆಕ್ಕಕ್ಕೆ ಕೊನೆಯ ಎರಡು ಅಂಕಿ ಸಾಕು, ನೂರು ಹೇಗೂ 4ರಿಂದ ಭಾಗವಾಗುತ್ತದೆ.

ಒಂದು ಎಚ್ಚರಿಕೆ: ಈ ಲೆಕ್ಕ ಭಾರವಾದ ಪರಮಾಣು ಬೀಜಗಳಿಗೆ ಮಾತ್ರ. ಸೀಸಿಯಂ-137ಕ್ಕೂ ಶೇಷ 1 ಬರುತ್ತದೆ, ಆದರೆ ಅದು ವಿದಳನದಿಂದ ಹುಟ್ಟಿದ್ದು, ಯಾವ ಸರಣಿಗೂ ಸೇರದು.