ಪಾಲೆ ಮರ ಯಾವುದು ಅಂತ ಮಗುವನ್ನು ಕೇಳಿ

"ಮಾನ್ಯ ಸಂಪಾದಕರೇ, ಕೊಡಗಿನ ಕಾಫಿ ತೋಟಗಳಲ್ಲಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿರುವ ತುಳು ಕುಟುಂಬಗಳು ತಮ್ಮ ಭಾಷೆ ಮತ್ತು ಆಚರಣೆಯನ್ನು ಮಕ್ಕಳಿಗೆ ಹೇಗೆ ದಾಟಿಸುತ್ತವೆ ಎಂಬ ಅಧ್ಯಯನದ ಯೋಜನೆಯನ್ನು ಲೇಖನವಾಗಿ ಬರೆದಿದ್ದೇನೆ. ಜನವರಿಯಲ್ಲಿ 15 ದಿನ ಸುಂಟಿಕೊಪ್ಪ, ಸಿದ್ದಾಪುರದ ಸುತ್ತ 200 ಮನೆಗಳಿಗೆ ಹೋಗಿ ತಂದೆ ತಾಯಂದಿರಿಗೆ 40 ಪ್ರಶ್ನೆ ಕೇಳುವ ಆಲೋಚನೆ. ಈಗಿನ ಮಕ್ಕಳಿಗೆ ತುಳು ಬೇಡವಾಗಿದೆ ಎಂಬುದು ನನ್ನ ಊಹೆ. ಪ್ರಕಟಿಸಬಹುದೇ? ತಪ್ಪಿದ್ದರೆ ನೇರವಾಗಿ ಹೇಳಿ."

ಆತ್ಮೀಯರೇ,

ಈ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಜಾಗತೀಕರಣದ ಬಗ್ಗೆ ಇರುವ ಮೊದಲ ಎರಡು ಪುಟ ತೆಗೆದುಬಿಡಿ, ಅದನ್ನು ಯಾವ ಊರಿನ ಬಗ್ಗೆ ಬೇಕಾದರೂ ಬರೆಯಬಹುದು. ಉಳಿದ ಐದು ಪುಟಗಳಲ್ಲಿ ಒಳ್ಳೆಯ ವಿಷಯ ಇದೆ. ಆದರೆ ನೀವು ಆರಿಸಿಕೊಂಡ ದಾರಿಯಲ್ಲಿ ಹೋದರೆ ಅದು ಕೈಗೆ ಸಿಗುವುದಿಲ್ಲ. ನಾನೂ ಸುಂಟಿಕೊಪ್ಪದ ಕಡೆಯ ಒಂದು ಲೈನ್ ಮನೆಯಲ್ಲಿ, ತುಳು ಮಾತಾಡುವ ಮನೆಯಲ್ಲೇ ಬೆಳೆದವನು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ 40 ಪ್ರಶ್ನೆಗಳಲ್ಲಿ ಮೊದಲನೆಯದು "ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?" ಇದಕ್ಕೆ ಬಹುತೇಕ ಎಲ್ಲರೂ "ತುಳುವೇ" ಅನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ. ಗಂಡ ಹೆಂಡತಿ ಮಾತಾಡುವುದು ತುಳು, ಅಜ್ಜಿ ಜೊತೆ ತುಳು, ಊರಿಂದ ಫೋನ್ ಬಂದರೆ ತುಳು. ಆದರೆ ನಾಲ್ಕು ವರ್ಷದ ಮಗುವಿನ ಕಡೆ ತಿರುಗಿದ ಕೂಡಲೇ ಅದೇ ತಾಯಿ "ಬೇಗ ಊಟ ಮಾಡು, ಮಿಸ್ ಬೈತಾರೆ" ಅನ್ನುತ್ತಾಳೆ, ಕನ್ನಡದಲ್ಲಿ. ಅದು ಅವಳ ಗಮನಕ್ಕೇ ಬಂದಿರುವುದಿಲ್ಲ. ಮಗುವಿನ ಕಿವಿಗೆ ದಿನವಿಡೀ ತುಳು ಬೀಳುತ್ತದೆ, ಆದರೆ ಅದರ ಜೊತೆ ಯಾರೂ ತುಳುವಿನಲ್ಲಿ ಮಾತಾಡುವುದಿಲ್ಲ. ಅಂಥ ಮಗುವಿಗೆ ಭಾಷೆ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಭಾಷೆ ದಾಟುತ್ತದೋ ಇಲ್ಲವೋ ಎಂಬುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ.

"ಮಕ್ಕಳಿಗೇ ಬೇಡವಾಗಿದೆ" ಎಂಬ ನಿಮ್ಮ ಊಹೆಯನ್ನು ಸಂಶಯದಿಂದ ನೋಡಿ ಎನ್ನಲು ಇದೇ ಕಾರಣ. 1980ರ ದಶಕದಲ್ಲಿ ಡಾನ್ ಕುಲಿಕ್ ಎಂಬ ಮಾನವಶಾಸ್ತ್ರಜ್ಞರು ಪಪುವಾ ನ್ಯೂಗಿನಿಯ ಗಪುನ್ ಎಂಬ ಪುಟ್ಟ ಹಳ್ಳಿಯಲ್ಲಿ ಉಳಿದು ಇದನ್ನೇ ನೋಡಿದರು. ಅಲ್ಲಿನ ಸ್ವಂತ ಭಾಷೆ ಟಯಾಪ್. ಮಕ್ಕಳು ಟೋಕ್ ಪಿಸಿನ್ ಎಂಬ ಸಂಪರ್ಕ ಭಾಷೆಗೆ ಹೊರಳುತ್ತಿದ್ದರು. ಕೇಳಿದರೆ ದೊಡ್ಡವರು ಮಕ್ಕಳನ್ನೇ ದೂರುತ್ತಿದ್ದರು, ಅವಕ್ಕೆ ನಮ್ಮ ಮಾತು ಬೇಡ ಅನ್ನುತ್ತಿದ್ದರು. ಮನೆಮನೆಯ ಮಾತನ್ನು ಧ್ವನಿಮುದ್ರಿಸಿ ಕೇಳಿದಾಗ ಕಂಡದ್ದು ಬೇರೆ. ಮಕ್ಕಳ ಜೊತೆ ಟೋಕ್ ಪಿಸಿನ್‌ಗೆ ಹೊರಳುತ್ತಿದ್ದವರು ದೊಡ್ಡವರೇ. ಕುಲಿಕ್ ಪ್ರಶ್ನಾವಳಿ ಮಾತ್ರ ಹಂಚಿ ಬಂದಿದ್ದರೆ ಮಕ್ಕಳ ಮೇಲೆ ತಪ್ಪು ಹೊರಿಸಿ ಬರೆಯಬೇಕಾಗುತ್ತಿತ್ತು, ಅಲ್ವಾ?

ಹಾಗಾಗಿ 200 ಮನೆ ಬಿಡಿ. ಹನ್ನೆರಡು ಮನೆ ಸಾಕು. ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ಮನೆಗಳನ್ನೇ ಹುಡುಕಿ. ಕಾರಣ ಹೇಳುತ್ತೇನೆ. ನಮ್ಮ ಮನೆಯಲ್ಲಿ ನಾನು ದೊಡ್ಡವನು, ಶಾಲೆಗೆ ಸೇರುವವರೆಗೆ ನನಗೆ ಕನ್ನಡ ಗೊತ್ತೇ ಇರಲಿಲ್ಲ. ನಾನು ಶಾಲೆಯಿಂದ ಕನ್ನಡ ಹೊತ್ತು ತಂದೆ, ತಮ್ಮನ ಜೊತೆ ಅದರಲ್ಲೇ ಜಗಳವಾಡಿದೆ. ಕೊನೆಯ ತಂಗಿ ಹುಟ್ಟುವ ಹೊತ್ತಿಗೆ ಮಕ್ಕಳ ಭಾಷೆ ಅಂದರೆ ಕನ್ನಡ ಎಂದಾಗಿತ್ತು. ಅದೇ ಅಪ್ಪ, ಅದೇ ಅಮ್ಮ. ಆದರೂ ತಂಗಿ ಇವತ್ತಿಗೂ ತುಳುವಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಾಳೆ. ಮನೆಗೆ ಒಂದು ಮಗುವಿನ ಲೆಕ್ಕ ಹಿಡಿದರೆ ಇದು ಕಾಣುವುದೇ ಇಲ್ಲ. ದೊಡ್ಡ ಮಗುವನ್ನು ಆರಿಸಿದರೆ ತುಳು ಉಳಿದಿದೆ ಅನ್ನುತ್ತೀರಿ, ಚಿಕ್ಕದನ್ನು ಆರಿಸಿದರೆ ಹೋಯಿತು ಅನ್ನುತ್ತೀರಿ.

ಲೆಕ್ಕ ಹಿಡಿಯುವುದು ಹೇಗೆ? ಒಂದು ಮನೆ ಇದೆ ಎಂದುಕೊಳ್ಳೋಣ. ಅಜ್ಜಿ, ಅಪ್ಪ, ಅಮ್ಮ, 13ರ ಮಗಳು, 9ರ ಮಗ, 4ರ ಮಗಳು. ಸಂಜೆ ಏಳರಿಂದ ಎಂಟು, ಅಡುಗೆ, ಹೋಂವರ್ಕ್, ಊಟದ ಹೊತ್ತು. ಧ್ವನಿಮುದ್ರಣ ಕೇಳುತ್ತಾ ಪ್ರತಿ ಮಾತಿಗೆ ಮೂರು ಸಂಗತಿ ಬರೆದುಕೊಳ್ಳಿ: ಯಾರು, ಯಾರಿಗೆ, ಯಾವ ಭಾಷೆಯಲ್ಲಿ. ಅಮ್ಮ ಆ ಗಂಟೆಯಲ್ಲಿ ದೊಡ್ಡ ಮಗಳಿಗೆ 30 ಮಾತು ಹೇಳಿದಳು, 22 ತುಳು. ಚಿಕ್ಕವಳಿಗೆ 60 ಹೇಳಿದಳು, 12 ತುಳು. ಆ ಹನ್ನೆರಡನ್ನು ಬಿಡಿಸಿ ನೋಡಿದರೆ ಬಹುಪಾಲು "ಇಡೆ ಬಲ", ಅಂದರೆ ಇಲ್ಲಿ ಬಾ, ಅನ್ನುವ ಕರೆ, ಗದರಿಕೆ, ಮುದ್ದು. ಕತೆ, ವಿವರಣೆ, ಪ್ರಶ್ನೆ ಎಲ್ಲ ಕನ್ನಡ. ಇನ್ನು ಚಿಕ್ಕವಳ ಉತ್ತರಗಳನ್ನು ಬೇರೆಯಾಗಿ ಎಣಿಸಿ. ಅಜ್ಜಿಗೆ ತುಳುವಿನಲ್ಲಿ, ಅಮ್ಮನಿಗೆ ಕನ್ನಡದಲ್ಲಿ ಉತ್ತರಿಸುತ್ತಿದ್ದರೆ ಆ ಮನೆಯಲ್ಲಿ ಭಾಷೆ ಅಜ್ಜಿಯೊಬ್ಬಳ ಮೇಲೆ ನಿಂತಿದೆ ಎಂದು ಅರ್ಥ. ಈ ಅಂಕಿಗಳು ನಾನು ತೋರಿಸಲೆಂದು ಇಟ್ಟವು. ನಿಮ್ಮವು ಬೇರೆ ಬರಬಹುದು. ಆದರೆ ಇಂಥ ಒಂದು ಹಾಳೆ ಆ 40 ಉತ್ತರಗಳಿಗಿಂತ ಜಾಸ್ತಿ ಹೇಳುತ್ತದೆ.

ಒಂದು ತೊಡಕಿದೆ. ನೀವು ಕನ್ನಡದವರು. ನೀವು ಒಳಗೆ ಕಾಲಿಟ್ಟ ಕೂಡಲೇ ಇಡೀ ಮನೆ ಕನ್ನಡಕ್ಕೆ ಹೊರಳುತ್ತದೆ, ಅದು ಮರ್ಯಾದೆ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಜೊತೆ ಹೋದರಂತೂ ಮಾತೇ ಹೊರಡುವುದಿಲ್ಲ. ವರ್ಷಗಳ ಹಿಂದೆ ನಾನು ಆ ತಪ್ಪು ಮಾಡಿದ್ದೆ. ಎಲ್ಲರೂ ನನಗಿಂತ ರೈಟರ್ ಮುಖ ನೋಡಿ ಉತ್ತರಿಸಿದರು, ಒಂದು ವಾರದ ಟಿಪ್ಪಣಿ ಎಸೆಯಬೇಕಾಯಿತು. ತೋಟದವರ ಅನುಮತಿ ಬೇಕೇ ಬೇಕು, ಅದನ್ನು ಮೊದಲೇ ಪಡೆಯಿರಿ. ಆದರೆ ಮನೆಗೆ ಹೋಗುವುದು ಅದೇ ಲೈನಿನ ಒಬ್ಬ ಹೆಂಗಸಿನ ಜೊತೆ. ರೆಕಾರ್ಡರನ್ನು ತಾಯಿಯ ಕೈಗೆ ಕೊಟ್ಟು ಬನ್ನಿ. ಬೇಡವೆನಿಸಿದ್ದನ್ನು ಅವಳೇ ಅಳಿಸಿಕೊಡಲಿ, ಹೇಗೆಂದು ಕಲಿಸಿಕೊಡಿ. ಮಕ್ಕಳನ್ನೂ ಕೇಳಿ ಒಪ್ಪಿಗೆ ಪಡೆಯಿರಿ. ಮೊದಲ ದಿನದ ಮುದ್ರಣವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವತ್ತು ಎಲ್ಲರೂ ಮೈಕಿಗೆ ಮಾತಾಡಿರುತ್ತಾರೆ. ಲೈನ್ ಮನೆಗಳ ನಡುವೆ ಒಂದೇ ಗೋಡೆ ಇರುವುದರಿಂದ ಪಕ್ಕದ ಮನೆಯವರ ಮಾತೂ ಬೀಳುತ್ತದೆ. ಆ ಭಾಗವನ್ನು ಬಳಸಬೇಡಿ, ಅವರು ಒಪ್ಪಿಗೆ ಕೊಟ್ಟಿಲ್ಲ.

ಈಗ ಆಚರಣೆ. "ನಿಮ್ಮ ಮಕ್ಕಳು ಹಬ್ಬಗಳಲ್ಲಿ ಭಾಗವಹಿಸುತ್ತಾರೆಯೇ?" ಎಂದು ಕೇಳಿದ್ದೀರಿ. ಹೌದು ಅನ್ನದೆ ಇನ್ನೇನು ಅನ್ನುತ್ತಾರೆ? ಎಲ್ಲ ಹಬ್ಬ ಬಿಡಿ, ಒಂದೇ ಒಂದು ಆಚರಣೆ ಹಿಡಿಯಿರಿ. ನನ್ನನ್ನು ಕೇಳಿದರೆ ಆಟಿ ಅಮಾವಾಸ್ಯೆಯ, ಅಂದರೆ ತುಳುವರ ಆಟಿ ತಿಂಗಳ ಅಮಾವಾಸ್ಯೆಯ, ಕಷಾಯ. ಅವತ್ತು ಬೆಳಕು ಹರಿಯುವ ಮೊದಲು ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ತರಬೇಕು. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಲ್ಲಿ ಜಜ್ಜಿ ತೆಗೆಯಬೇಕು. ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು ರಸ ಹಿಂಡಿ, ಬಿಳಿ ಕಲ್ಲನ್ನು ಕೆಂಪಗೆ ಕಾಯಿಸಿ ಅದರಲ್ಲಿ ಅದ್ದುತ್ತಾರೆ. ಖಾಲಿ ಹೊಟ್ಟೆಗೆ ಕುಡಿಯಬೇಕು. ವಿಪರೀತ ಕಹಿ. ಆಮೇಲೆ ಮೆಂತ್ಯದ ಗಂಜಿ.

ಈ ಆಚರಣೆಯಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿವೆ, ಅದಕ್ಕೇ ಇದನ್ನು ಹೇಳಿದೆ. ಕುಡಿಯುವುದು ಒಂದು ಮೆಟ್ಟಿಲು, ಅದು ಎಲ್ಲ ಮಕ್ಕಳಿಗೂ ಗೊತ್ತು, ಮೂಗು ಹಿಡಿದು ಕುಡಿಸಿರುತ್ತಾರೆ. ಯಾಕೆ ಕುಡಿಯುತ್ತೇವೆ ಎಂದು ಮಗು ಹೇಳಬಲ್ಲದೆ? ಮರದ ಹೆಸರು ಗೊತ್ತೆ, ಅದೂ "ಪಾಲೆ" ಎಂದೋ, ಕನ್ನಡದ "ಹಾಲೆ" ಎಂದೋ, ಸುಮ್ನೆ "ಕಹಿ ಮರ" ಎಂದೋ? ತೋಟದಲ್ಲಿ ಕರೆದುಕೊಂಡು ಹೋಗಿ ಮರವನ್ನು ತೋರಿಸಬಲ್ಲದೆ? ಅಪ್ಪನ ಜೊತೆ ಕತ್ತಲಲ್ಲಿ ಹೋಗಿದೆಯೆ? ಒಂದೊಂದು ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ಬರೆಯಿರಿ. ಮರ ಗುರುತಿಸುವ ಹುಡುಗನಿಗೆ ಕೆತ್ತೆ ಎಂಬ ಪದವೂ ಗೊತ್ತಿರುತ್ತದೆಯೆ ಎಂದು ನೋಡಿ. ಭಾಷೆ ಮತ್ತು ಆಚರಣೆ ಒಟ್ಟಿಗೆ ದಾಟುತ್ತವೋ, ಬೇರೆ ಬೇರೆಯಾಗಿಯೋ ಎಂಬ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುತ್ತದೆ. ಒಂದು ಎಚ್ಚರಿಕೆ: ಮಗುವಿನ ಕೈಯಲ್ಲಿ ತೊಗಟೆ ತರಿಸಿ ಪರೀಕ್ಷೆ ಮಾಡಬೇಡಿ. ಪಾಲೆ ಎಂದುಕೊಂಡು ವಿಷದ ಕಾಸರಕನ ತೊಗಟೆ ತಂದರೆ ಜೀವಕ್ಕೇ ಅಪಾಯ. ದೂರದಿಂದ ತೋರಿಸಲಿ, ಸಾಕು.

ಇನ್ನೊಂದು ಸ್ವಾರಸ್ಯ ನಿಮ್ಮ ಕಣ್ಣು ತಪ್ಪಿದೆ. ತುಳುವರ ಆಟಿ ಮತ್ತು ಕೊಡವರ ಕಕ್ಕಡ ಒಂದೇ ಮಳೆಗಾಲದ ತಿಂಗಳು. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಕೊಡವರ ಮನೆಗಳಲ್ಲಿ ಮದ್ದ್ ಸೊಪ್ಪಿನ ಪಾಯಸ ಮಾಡುತ್ತಾರೆ. ನೇರಳೆ ಬಣ್ಣ, ಘಮ, ಸಿಹಿ ಬೇರೆ. ಲೈನಿನ ಮಕ್ಕಳಿಗೆ ಸಹಪಾಠಿಯ ಮನೆಯಿಂದ ಅದೂ ಸಿಗುತ್ತದೆ. ಎರಡನ್ನೂ ಮಗು ಹೇಗೆ ಹೇಳುತ್ತದೆ ಎಂದು ಕೇಳಿಸಿಕೊಳ್ಳಿ. "ನಮ್ಮದು ಕಹಿ, ಅವರದು ಸಿಹಿ" ಅಂದರೆ ಎರಡೂ ಬೇರೆಯಾಗಿ ಉಳಿದಿವೆ. "ಮದ್ದು ಕುಡಿಯೋ ದಿನ" ಅಂತ ಒಂದೇ ಹೆಸರಲ್ಲಿ ಕರೆದರೆ ಎರಡು ಸೇರಿ ಮೂರನೆಯದೊಂದು ಹುಟ್ಟುತ್ತಿರಬಹುದು. ಅದನ್ನು "ನಷ್ಟ" ಎಂಬ ಕಾಲಮ್ಮಿಗೆ ಹಾಕಿದರೆ ತಪ್ಪಾಗುತ್ತದೆ.

ಇದರಿಂದಲೇ ಜನವರಿ ಬೇಡ ಎಂಬುದೂ ಗೊತ್ತಾಯಿತಲ್ಲ. ಜನವರಿ ಅಂದರೆ ಅರೇಬಿಕಾ ಕಾಫಿ ಮುಗಿಯುತ್ತಾ ರೋಬಸ್ಟಾ ಕೊಯ್ಲು ಹಿಡಿಯುವ ಸಮಯ. ಬೆಳಿಗ್ಗೆ ಹೋದವರು ಸಂಜೆ ಸುಸ್ತಾಗಿ ಬರುತ್ತಾರೆ. ಕೊಯ್ಲಿಗೆಂದೇ ಬಂದು ಹೋಗುವವರೂ ಆಗ ಲೈನಿನಲ್ಲಿರುತ್ತಾರೆ. ಇಲ್ಲೇ ನೆಲೆಸಿದವರನ್ನು ಅವರಿಂದ ಬೇರ್ಪಡಿಸುವುದೇ ಒಂದು ಕೆಲಸವಾಗುತ್ತದೆ. ಮೂರು ಸಲ ಹೋಗಿ: ಆಟಿಯ ಮೊದಲು ಜೂನ್‌ನಲ್ಲಿ, ಆಟಿ ಅಮಾವಾಸ್ಯೆಯ ವಾರದಲ್ಲಿ, ಮತ್ತೆ ಮುಂದಿನ ವರ್ಷದ ಬೇಸಿಗೆ ರಜೆ ಮುಗಿದ ಮೇಲೆ. ರಜೆಯಲ್ಲಿ ಪುತ್ತೂರು, ಸುಳ್ಯದ ಅಜ್ಜಿಮನೆಯಲ್ಲಿ ಎಷ್ಟು ದಿನ ಇದ್ದರು ಎಂಬುದನ್ನು ಪ್ರತಿ ಮಗುವಿಗೂ ಬರೆದುಕೊಳ್ಳಿ.

ಆ ಅಜ್ಜಿಮನೆಗೆ ನೀವೂ ಹೋಗಬೇಕು. ಇದು ನಿಮ್ಮ ಯೋಜನೆಯ ಅತಿ ದೊಡ್ಡ ಕೊರತೆ. ಸಂಪಾಜೆ ಘಾಟಿ ಇಳಿದರೆ ಸುಳ್ಯ. ಲೈನ್ ಮನೆಯ ಅಪ್ಪನ ಅಣ್ಣನೋ ತಮ್ಮನೋ ಊರಲ್ಲೇ ಉಳಿದಿದ್ದರೆ ಅವರ ಮಕ್ಕಳಿಗೂ ಪಾಲೆ ಮರ ತೋರಿಸಲು ಹೇಳಿ, ಅಲ್ಲೂ ಒಂದು ಸಂಜೆಯ ಮಾತು ಎಣಿಸಿ. ಊರಿನ ಮಕ್ಕಳಿಗೂ ಮರ ಗೊತ್ತಿಲ್ಲದಿದ್ದರೆ ಕಾರಣ ವಲಸೆ ಅಲ್ಲ, ಶಾಲೆಯೋ ಮೊಬೈಲೋ ಮರವೇ ಕಡಿಮೆಯಾದದ್ದೋ ಇರಬೇಕು. ಈ ಹೋಲಿಕೆ ಇಲ್ಲದೆ ಕೊಡಗಿಗೆ ಬಂದದ್ದರಿಂದ ಹೀಗಾಯಿತು ಎಂದು ಬರೆಯಲು ನಿಮಗೆ ಆಧಾರವಿಲ್ಲ. ಹನ್ನೆರಡು ಮನೆಗೂ ಇಂಥ ಜೋಡಿ ಸಿಗದು. ಆರು ಸಿಕ್ಕರೂ ದೊಡ್ಡದು.

ಹನ್ನೆರಡು ಮನೆ ನೋಡಿ ಕೊಡಗಿನ ತುಳುವರಲ್ಲಿ ಶೇಕಡಾ ಇಷ್ಟು ಎಂದು ಬರೆಯಲಾಗದು, ಬರೆಯಬೇಡಿ. ಒಂಬತ್ತರ ಹುಡುಗ ಇವತ್ತು ತುಳುವಿಗೆ ನಾಚಿದರೆ ಅವನು ಕಳೆದುಹೋದ ಎಂದೂ ಬರೆಯಬೇಡಿ. ನನ್ನ ತಮ್ಮ ಹಾಗೇ ಇದ್ದ. ಹದಿನೇಳಕ್ಕೆ ಮಾವನ ಜೊತೆ ಮಂಗಳೂರಿನ ಕೆಲಸಕ್ಕೆ ಹೋಗಿ ಆರು ತಿಂಗಳಲ್ಲಿ ನನಗಿಂತ ಚೆನ್ನಾಗಿ ಮಾತಾಡಲು ಕಲಿತ.

ಈಗ ಎರಡೇ ಮನೆಯಿಂದ ಶುರು ಮಾಡಿ. ಜೂನ್‌ನ ಒಂದು ಸಂಜೆಯ ಮಾತಿನ ಹಾಳೆ, ಆಟಿ ಅಮಾವಾಸ್ಯೆಯ ಬೆಳಿಗ್ಗೆಯ ಟಿಪ್ಪಣಿ, ಪ್ರತಿ ಮಗುವಿನ ಮೆಟ್ಟಿಲು. ಮಕ್ಕಳ ಹೆಸರು, ತೋಟದ ಹೆಸರು ತೆಗೆದು ನನಗೆ ಕಳಿಸಿ. ತುಳು ಮಾತುಗಳನ್ನು ನಿಮ್ಮ ಜೊತೆ ಕೂತು ನಾನೇ ಓದಿ ಸರಿ ಮಾಡಿಕೊಡುತ್ತೇನೆ. ಲೇಖನವನ್ನು ಆ ಎರಡು ಮನೆಗಳಿಂದಲೇ ಬರೆಯೋಣ.